ಗೇಟಿನ ಕ್ಯಾಮೆರಾ ದೃಶ್ಯ ಅಳಿಸಿಹೋಗಿದೆ ಅಂತಿದ್ದಾರೆ. 7ನೇ ತಾರೀಖೇ ಪತ್ರ ಕೊಟ್ಟಿದ್ದೆ. ಈಗ ಏನು ಮಾಡಬಹುದು?

ಮಳೆಹನಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಈ ತಿಂಗಳ 3ನೇ ತಾರೀಖು ಬೆಳಿಗ್ಗೆ ನಮ್ಮ ಅಪ್ಪ ವಾಕಿಂಗ್ ಮುಗಿಸಿ ಬರುವಾಗ, ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಎದುರಿನ ರಸ್ತೆಯಲ್ಲೇ ಕಾರೊಂದು ಗುದ್ದಿತು. ಕಾಲಿನ ಮೂಳೆ ಎರಡು ಕಡೆ ಮುರಿದಿದೆ. ಕಾರು ಓಡಿಸುತ್ತಿದ್ದವರು ನಮ್ಮದೇ ಅಪಾರ್ಟ್‌ಮೆಂಟ್ ಸಮಿತಿಯ ಖಜಾಂಚಿ. ಅಪ್ಪ ಕಾಲುಜಾರಿ ಮೊದಲೇ ಬಿದ್ದಿದ್ದರು, ನಾನು ಗುದ್ದಿಲ್ಲ, ಎತ್ತೋಕೆ ಬಂದೆ ಅಷ್ಟೇ ಅಂತ ಅವರ ಹೇಳಿಕೆ. ಎಫ್‌ಐಆರ್ ಆಗಿದೆ.

ಗೇಟಿನ ಕ್ಯಾಮೆರಾದಲ್ಲಿ ಎಲ್ಲವೂ ಕಾಣಿಸುತ್ತಿತ್ತು. ಅವತ್ತೇ ಸೆಕ್ಯುರಿಟಿ ಹುಡುಗ ಮಾನಿಟರ್‌ನಲ್ಲಿ ಹಾಕಿ ನೋಡಿ, ತನ್ನ ಫೋನಲ್ಲಿ 40 ಸೆಕೆಂಡ್ ವಿಡಿಯೊ ಹಿಡಿದು ನನಗೆ ಕಳಿಸಿದ. 7ನೇ ತಾರೀಖು ಸಮಿತಿಗೆ ಪತ್ರ ಬರೆದು, ದೃಶ್ಯ ಉಳಿಸಿಡಿ ಅಂತ ಕೇಳಿ, ಸಹಿ ಹಾಕಿಸಿಕೊಂಡೆ. ‘ಮೀಟಿಂಗಲ್ಲಿ ಇಡ್ತೀವಿ’ ಅಂದರು. 19ಕ್ಕೆ ಕೇಳಿದರೆ, ‘15 ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ, ನಾವೇನು ಮಾಡೋಕಾಗಲ್ಲ’ ಅಂದರು.

ನನ್ನ ಪ್ರಶ್ನೆ ಎರಡು. ಕೇಳಿದ ಮೇಲೂ ಕೊಡದೆ ಕಳೆದರೆ ಕೋರ್ಟು ಅದನ್ನು ಅವರ ವಿರುದ್ಧ ತಗೊಳ್ಳುತ್ತಾ? ಫೋನಲ್ಲಿರುವ ಆ 40 ಸೆಕೆಂಡಿಗೆ ಏನಾದರೂ ಬೆಲೆ ಇದೆಯಾ?

ನೇರನುಡಿ

ತಲೆ ಕೆಡಿಸಿಕೊಳ್ಳಬೇಡಿ. ಸಾಕ್ಷ್ಯ ಮುಚ್ಚಿಟ್ಟರೆ ಅದು ಅವರಿಗೆ ವಿರುದ್ಧ ಅಂತಲೇ ಕೋರ್ಟು ತೀರ್ಮಾನ ಮಾಡಬೇಕು. ಸುಪ್ರೀಂ ಕೋರ್ಟೇ ಹೇಳಿದೆ, ವಾರಾಣಸಿ ಹೋಟೆಲ್ ಕೇಸಲ್ಲಿ. ಫೋನ್ ವಿಡಿಯೊ ಸೀದಾ ಕೊಡಿ. ಹೊಸ ಸಾಕ್ಷ್ಯ ಕಾನೂನು ಬಂದ ಮೇಲೆ, ಎಲೆಕ್ಟ್ರಾನಿಕ್ ನಕಲು ಅಸಲಿನದೇ ಅಂತ ಬರೆದುಕೊಡುವ 65ಬಿ ಸರ್ಟಿಫಿಕೇಟ್ ಗೋಳು ಇಲ್ಲ.

ಹಿತ್ತಲಬೇಲಿ

ನಮ್ಮದೂ ಇದೇ ಕಥೆ. ರಾತ್ರಿ ಹೊತ್ತು ಗೇಟಿನ ಕ್ಯಾಮೆರಾದಲ್ಲಿ ನಂಬರ್ ಪ್ಲೇಟ್ ಬರೀ ಬೆಳ್ಳಗೆ ಕಾಣುತ್ತೆ. ಯಾವ ಕ್ಯಾಮೆರಾ ಹಾಕಿಸಿದರೆ ಒಳ್ಳೇದು?

ಮಳೆಹನಿ

ಕ್ಯಾಮೆರಾ ಖರೀದಿ ವಿಷಯ ಅಲ್ಲ ಸರ್, ಆಗಿಹೋದ ದೃಶ್ಯದ ವಿಷಯ.

ಕರಿಕೋಟು

ಮೊದಲು ನೇರನುಡಿ ಅವರು ಹೇಳಿದ್ದನ್ನು ಸರಿ ಮಾಡ್ತೀನಿ. ಈ ಅರ್ಧ ಸರಿ ಮಾತು ನಂಬಿ ಕೇಸು ಕೆಟ್ಟಿದ್ದನ್ನು ನೋಡಿದ್ದೀನಿ.

ವಾರಾಣಸಿ ಕೇಸು ಅಂದರೆ ತೊಮಾಸೊ ಬ್ರೂನೊ ಕೇಸು, 2015ರ ಜನವರಿ ತೀರ್ಪು. ಇಟಲಿಯಿಂದ ಬಂದ ಮೂವರು ಪ್ರವಾಸಿಗಳು ಒಂದೇ ಹೋಟೆಲಲ್ಲಿ ಇದ್ದರು. 2010ರ ಫೆಬ್ರವರಿಯಲ್ಲಿ ಒಬ್ಬ ಸತ್ತ, ಉಳಿದಿಬ್ಬರ ಮೇಲೆ ಕೊಲೆ ಕೇಸು. ನಸುಕಲ್ಲೇ ನಾವು ಹೊರಗೆ ಹೋಗಿದ್ದೆವು, ವಾಪಸ್ ಬಂದಾಗ ಅವನ ಸ್ಥಿತಿ ಕೆಟ್ಟಿತ್ತು ಅಂತ ಅವರ ವಾದ. ಹೋಟೆಲಿನ ಕ್ಯಾಮೆರಾದಲ್ಲಿ ಅವರು ಹೋಗಿದ್ದು ಬಂದಿದ್ದು ಗೊತ್ತಾಗಬೇಕಿತ್ತು. ತನಿಖಾಧಿಕಾರಿ ‘ನೋಡಿದೆ, ಏನೂ ಇರಲಿಲ್ಲ’ ಅಂದರೇ ಹೊರತು ಕೋರ್ಟಿಗೆ ತರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಪ್ರಾಸಿಕ್ಯೂಷನ್ ವಿರುದ್ಧ ತಗೊಂಡಿತು, ಬೇರೆ ಕಾರಣಗಳೂ ಸೇರಿ ಇಬ್ಬರೂ ಬಿಡುಗಡೆ ಆದರು.

ಈಗ ಯೋಚನೆ ಮಾಡಿ. ಅಲ್ಲಿ ದೃಶ್ಯ ತರದೇ ಇದ್ದಿದ್ದು ಪೊಲೀಸರು, ಲಾಭ ಆಗಿದ್ದು ಆರೋಪಿಗಳಿಗೆ. ಮಳೆಹನಿ ಅವರ ಕ್ರಿಮಿನಲ್ ಕೇಸಲ್ಲಿ ಆರೋಪಿ ಯಾರು? ಕಾರು ಓಡಿಸಿದವರು. ಪೊಲೀಸರು ದೃಶ್ಯ ರೆಕಾರ್ಡ್ ಆಗುವ ಡಿವಿಆರ್ ಯಂತ್ರ ವಶಕ್ಕೆ ತಗೊಳ್ಳದೆ ಬಿಟ್ಟರೆ, ಅದೇ ತೀರ್ಪು ಹಿಡಿದು ವಾದ ಮಾಡೋದು ಖಜಾಂಚಿಯ ವಕೀಲರು! ‘ಒಳ್ಳೆ ಸಾಕ್ಷಿ ಇತ್ತು, ಪೊಲೀಸರು ತರಲಿಲ್ಲ, ಸಂಶಯದ ಲಾಭ ನಮಗೆ ಕೊಡಿ’ ಅಂತಾರೆ.

ಕಾನೂನಿನ ಮಾತೂ ಹಾಗೇ ಇದೆ. ಮೊದಲು ಹಳೆ ಸಾಕ್ಷ್ಯ ಕಾಯ್ದೆಯ 114ನೇ ಸೆಕ್ಷನ್ನಿನ ‘ಜಿ’ ಉದಾಹರಣೆ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 119. ತರಬಹುದಾಗಿದ್ದ ಸಾಕ್ಷ್ಯ ತರದಿದ್ದರೆ, ಅದು ತಡೆಹಿಡಿದವನಿಗೆ ವಿರುದ್ಧವಾಗಿತ್ತು ಅಂತ ಕೋರ್ಟು ಊಹಿಸಬಹುದು. ‘ಬಹುದು’, ‘ಬೇಕು’ ಅಲ್ಲ. ಮತ್ತೆ ‘ತಡೆಹಿಡಿದವನಿಗೆ’, ಎಲ್ಲರಿಗೂ ಅಲ್ಲ.

ಹಾಗಾಗಿ ನಿಮಗೆ ಉಪಯೋಗಕ್ಕೆ ಬರೋದು ಎಲ್ಲಿ ಅಂದರೆ, ಪರಿಹಾರದ ಕೇಸಲ್ಲಿ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಯಾರ ಮಾತು ಹೆಚ್ಚು ಸಂಭವ ಅಂತ ತೂಗಿ ನೋಡ್ತಾರೆ, ಸಂಶಯಾತೀತವಾಗಿ ಸಾಬೀತು ಆಗಬೇಕು ಅಂತಿಲ್ಲ. ಅಲ್ಲಿ ಖಜಾಂಚಿ ಎದುರು ಪಾರ್ಟಿ. ಆದರೆ ದೃಶ್ಯ ಇದ್ದಿದ್ದು ಸಮಿತಿ ಹತ್ತಿರ. ಅವರ ಕೈಯಲ್ಲೇ ಇತ್ತು ಅಂತ ತೋರಿಸಬೇಕು. ಡಿವಿಆರ್ ರೂಮಿನ ಕೀ ಯಾರ ಹತ್ತಿರ ಇರುತ್ತೆ?

ಮಳೆಹನಿ

ಎರಡು ಕೀ ಇದೆ. ಒಂದು ಕಾರ್ಯದರ್ಶಿ, ಇನ್ನೊಂದು ಖಜಾಂಚಿ. ಪತ್ರ ತಗೊಂಡು ಸಹಿ ಹಾಕಿದ್ದು ಕಾರ್ಯದರ್ಶಿ.

ಕರಿಕೋಟು

ಆ ಸಹಿ ಇರುವ ಪ್ರತಿ ಜೋಪಾನ. ಇಡೀ ಕೇಸಲ್ಲಿ ಅದಕ್ಕಿಂತ ದೊಡ್ಡ ಕಾಗದ ನಿಮ್ಮ ಹತ್ತಿರ ಇಲ್ಲ. ಪತ್ರ ಕೊಡದೆ ಅಳಿಸಿಹೋಗಿದ್ದರೆ ಯಾರೂ ಯಾರನ್ನೂ ದೂರೋ ಹಾಗಿರಲಿಲ್ಲ.

ಕೇಬಲ್‌ಕೈ

ನಾನು ಕ್ಯಾಮೆರಾ ಹಾಕುವ ಕೆಲಸ ಮಾಡೋನು, ಕಾನೂನು ಗೊತ್ತಿಲ್ಲ. ಆದರೆ ‘ತಾನಾಗೇ ಅಳಿಸಿಹೋಯ್ತು’ ಅನ್ನೋದು ನಿಜವೋ ಸುಳ್ಳೋ ಅಂತ ಕಂಡುಹಿಡಿಯಬಹುದು. ಎಷ್ಟು ಕ್ಯಾಮೆರಾ, ಎಷ್ಟು ದೊಡ್ಡ ಹಾರ್ಡ್‌ಡಿಸ್ಕ್?

ಮಳೆಹನಿ

8 ಕ್ಯಾಮೆರಾ. ಡಿಸ್ಕ್ 2 ಟಿಬಿ ಅಂತ ಬಿಲ್ಲಲ್ಲಿದೆ. ದಿನವಿಡೀ ರೆಕಾರ್ಡ್ ಆಗುತ್ತೆ.

ಕೇಬಲ್‌ಕೈ

ಒಂದು ಕ್ಯಾಮೆರಾಗೆ 2 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ, ಸಾಮಾನ್ಯವಾಗಿ ಅಷ್ಟಿಡ್ತೀವಿ. ಗಂಟೆಗೆ ಸುಮಾರು 0.9 ಜಿಬಿ, ದಿನಕ್ಕೆ 21-22 ಜಿಬಿ. 8 ಕ್ಯಾಮೆರಾಗೆ ದಿನಕ್ಕೆ 173 ಜಿಬಿ ಹತ್ತಿರ. 2 ಟಿಬಿ ಅಂದರೆ 11-12 ದಿನಕ್ಕೆ ಡಿಸ್ಕ್ ತುಂಬುತ್ತೆ. ಆಮೇಲೆ ಎಲ್ಲಕ್ಕಿಂತ ಹಳೇದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತೆ. ಅಂದರೆ 3ನೇ ತಾರೀಖಿನದು 14-15ರ ಹೊತ್ತಿಗೆ ಹೋಗಿರಬಹುದು. ಅವರು ಹೇಳೋದು ಪೂರ್ತಿ ಸುಳ್ಳು ಅಂತ ಈಗಲೇ ಹೇಳೋಕಾಗಲ್ಲ. ಆದರೆ ನೀವು ಪತ್ರ ಕೊಟ್ಟಾಗ ಇನ್ನೂ ಒಂದು ವಾರ ಟೈಮ್ ಇತ್ತು. ಪೆನ್‌ಡ್ರೈವ್‌ಗೆ ಹಾಕೋಕೆ ಹತ್ತು ನಿಮಿಷ ಸಾಕು.

ಈಗ ಒಂದು ಕೆಲಸ ಮಾಡಿ. ಡಿವಿಆರ್‌ನಲ್ಲಿ ಪ್ಲೇಬ್ಯಾಕ್‌ಗೆ ಹೋಗಿ, ಎಲ್ಲಕ್ಕಿಂತ ಹಳೆಯ ರೆಕಾರ್ಡಿಂಗ್ ಯಾವ ದಿನ, ಯಾವ ಹೊತ್ತಿನದು ಅಂತ ಬರೆದುಕೊಳ್ಳಿ. ಮಾರನೇ ದಿನ ಮತ್ತೆ ನೋಡಿ. ಹಳೇದರ ಮೇಲೆ ಹೊಸದು ಬರೀತಾ ಇದ್ದರೆ ಆ ಮೊದಲ ತಾರೀಖು ಒಂದು ದಿನ ಮುಂದಕ್ಕೆ ಸರಿದಿರಬೇಕು. ಸರಿಯದೆ ಅಲ್ಲೇ ನಿಂತಿದ್ದರೆ ಡಿಸ್ಕ್ ಇನ್ನೂ ತುಂಬಿಲ್ಲ ಅಂತ ಅರ್ಥ. ತುಂಬಿಲ್ಲ ಅಂದರೆ, ಯಾರೋ ಖಾಲಿ ಮಾಡಿದ್ದಾರೆ ಅಥವಾ ಬೇರೆ ಡಿಸ್ಕ್ ಹಾಕಿದ್ದಾರೆ.

ಯಾವುದನ್ನೂ ಒತ್ತಬೇಡಿ, ಬರೀ ನೋಡಿ. ನಿಮ್ಮ ಜೊತೆ ಇನ್ನಿಬ್ಬರು ನಿವಾಸಿಗಳು ಇರಲಿ. ಸ್ಕ್ರೀನ್ ಪಕ್ಕ ನಿಮ್ಮ ಫೋನ್ ಗಡಿಯಾರ ಹಿಡಿದು ಒಂದು ಫೋಟೊ ತೆಗೀರಿ.

ಗುಬ್ಬಿಗೂಡು

ನನ್ನ ತಮ್ಮನ ವಿಷಯ ಹೇಳ್ತೀನಿ. ಅವನನ್ನು ಒಂದು ಠಾಣೆಗೆ ಕರೆಸಿ ಹೊಡೆದರು. ಮೂರು ತಿಂಗಳ ಮೇಲೆ ದೃಶ್ಯ ಕೇಳಿ ಅರ್ಜಿ ಹಾಕಿದೆವು. ‘ಕ್ಯಾಮೆರಾ ಕೆಟ್ಟಿತ್ತು’ ಅಂತ ಒಂದೇ ಸಾಲಿನ ಉತ್ತರ. ಅಲ್ಲಿಗೆ ಮುಗೀತು. ಅಪಾರ್ಟ್‌ಮೆಂಟಾದರೂ ಅಷ್ಟೇ, ಠಾಣೆಯಾದರೂ ಅಷ್ಟೇ, ಕೊಡಲ್ಲ.

ಕರಿಕೋಟು

ಗುಬ್ಬಿಗೂಡು ಅವರೇ, ಅಲ್ಲಿಗೆ ಮುಗಿಸಬೇಡಿ. ಠಾಣೆಗಳ ವಿಷಯ ಬೇರೆ. ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, 18 ತಿಂಗಳ ದೃಶ್ಯ ಇಡಬೇಕು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೂ ಕನಿಷ್ಠ ಒಂದು ವರ್ಷ ಅಂತ ಹೇಳಿದೆ. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಮೇಲಿನವರಿಗೆ ವರದಿ ಮಾಡಬೇಕು. ಆ ವರದಿಯ ಪ್ರತಿ ಕೇಳಿ. ನಿಜವಾಗಿ ಕೆಟ್ಟಿದ್ದರೆ ಕಾಗದ ಇರಲೇಬೇಕು.

ಅಪಾರ್ಟ್‌ಮೆಂಟಿಗೆ ಆ ತೀರ್ಪು ಅನ್ವಯ ಆಗಲ್ಲ. ಅದಕ್ಕೇ ಅಲ್ಲಿ ಮೊದಲ ವಾರದ ಪತ್ರಕ್ಕೆ ಅಷ್ಟು ಬೆಲೆ.

ಗುಬ್ಬಿಗೂಡು

ಆ ವರದಿ ಕೇಳಬಹುದು ಅಂತ ನಮಗೆ ಯಾರೂ ಹೇಳಲಿಲ್ಲ ಸರ್. ನಾಳೆಯೇ ಅರ್ಜಿ ಬರೀತೀನಿ.

ನೇರನುಡಿ

ಸರಿ, ವಾರಾಣಸಿ ಕೇಸಲ್ಲಿ ನಾನು ಅರ್ಧ ತಪ್ಪು, ಒಪ್ತೀನಿ. ಆದರೆ ಸರ್ಟಿಫಿಕೇಟ್ ವಿಷಯ ಬಿಡಲ್ಲ. ಹೊಸ ಅಧಿನಿಯಮದ 57ರಲ್ಲಿ ಎಲೆಕ್ಟ್ರಾನಿಕ್ ದಾಖಲೆ ಪ್ರಾಥಮಿಕ ಸಾಕ್ಷ್ಯ ಅಂತ ಸ್ಪಷ್ಟವಾಗಿ ಬರೆದಿದೆ. ಪ್ರಾಥಮಿಕ ಅಂದ ಮೇಲೆ ಸರ್ಟಿಫಿಕೇಟ್ ಯಾಕೆ?

ಕರಿಕೋಟು

57ರಲ್ಲಿ ಹಾಗಿದೆ, ನಿಜ. ಸರಿಯಾದ ಕಡೆಯಿಂದ ಬಂದಿದ್ದರೆ, ಎದುರಿನವರು ತಕರಾರು ಮಾಡದಿದ್ದರೆ, ಅಂತಲೂ ಜೊತೆಗಿದೆ. ಇಲ್ಲಿ ತಕರಾರು ಇದ್ದೇ ಇದೆ. 63ರಲ್ಲಿ ಸರ್ಟಿಫಿಕೇಟ್ ಹಾಗೇ ಉಳಿದಿದೆ. ನಿಜ ಹೇಳಬೇಕಂದರೆ ಮೊದಲಿಗಿಂತ ಕೆಲಸ ಜಾಸ್ತಿಯಾಗಿದೆ. ಈಗ ಎರಡು ಭಾಗ. ‘ಎ’ ಭಾಗಕ್ಕೆ ಆ ಯಂತ್ರ ನೋಡಿಕೊಳ್ಳುವವರ ಸಹಿ, ‘ಬಿ’ ಭಾಗಕ್ಕೆ ತಜ್ಞರ ಸಹಿ. ಎರಡರಲ್ಲೂ ಫೈಲಿನ ಹ್ಯಾಶ್, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ, ಬರೀಬೇಕು.

ಡಿವಿಆರ್ ಅನ್ನೇ ಕೋರ್ಟಿಗೆ ತಂದು, ಅದರ ಮಾಲೀಕ ಸಾಕ್ಷಿ ಕಟ್ಟೆ ಹತ್ತಿ ಇದು ನಮ್ಮದೇ ಅಂತ ಹೇಳಿದರೆ ಸರ್ಟಿಫಿಕೇಟ್ ಬೇಡ. 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪಲ್ಲಿ ಅದನ್ನು ಹೇಳಿದ್ದಾರೆ. ಪೆನ್‌ಡ್ರೈವ್, ಸಿಡಿ, ಫೋನಿಗೆ ಕಳಿಸಿದ ಫೈಲು, ಇವೆಲ್ಲ ನಕಲು. ನಕಲಿಗೆ ಬೇಕು. 57 ಮತ್ತು 63 ಎರಡನ್ನೂ ಹೇಗೆ ಒಟ್ಟಿಗೆ ಓದಬೇಕು ಅಂತ ವಾದ ನಡೀತಾನೇ ಇರುತ್ತೆ. ನಾನಂತೂ ನನ್ನ ಕಕ್ಷಿದಾರರನ್ನು ಆ ವಾದದ ಮೇಲೆ ನಿಲ್ಲಿಸಲ್ಲ.

ನೇರನುಡಿ

ಸಮಿತಿಯವರು ಸಹಿ ಹಾಕಲ್ಲ ಅಂದರೆ? ಕಳ್ಳನ ಕೈಲೇ ಕೀ ಕೊಟ್ಟ ಹಾಗಾಯ್ತಲ್ಲ!

ಕರಿಕೋಟು

ಅದಕ್ಕೂ ಆ ತೀರ್ಪಲ್ಲೇ ದಾರಿ ಇದೆ. ನೀವು ಕೇಳಿದ್ದೀರಿ, ಅವರು ಕೊಡಲಿಲ್ಲ ಅಂತ ತೋರಿಸಿ, ಕೊಡಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕು. ತಮ್ಮ ಕೈಲಾದ್ದನ್ನೆಲ್ಲ ಮಾಡಿದವರನ್ನು ಸರ್ಟಿಫಿಕೇಟ್ ಇಲ್ಲ ಅಂತ ಹೊರಗೆ ಹಾಕಲ್ಲ. ಸುಮ್ನೆ ಕೂತವರಿಗೆ ಆ ರಿಯಾಯಿತಿ ಇಲ್ಲ.

ಮಳೆಹನಿ

ನೋಡಿಕೊಂಡು ಬಂದೆ. ಕೈ ನಡುಗುತ್ತಿದೆ.

20ನೇ ತಾರೀಖು ಸಂಜೆ ನೋಡಿದಾಗ ಹಳೆಯ ರೆಕಾರ್ಡಿಂಗ್ 13ನೇ ತಾರೀಖು ಮಧ್ಯಾಹ್ನ 3:10ರದ್ದು. ಇವತ್ತು 21, ಮತ್ತೆ ನೋಡಿದೆ. ಅದೇ 13, ಅದೇ 3:10. ಒಂದು ನಿಮಿಷವೂ ಸರಿದಿಲ್ಲ. ಎಂಟೂ ಕ್ಯಾಮೆರಾ ಅಲ್ಲಿಂದಲೇ ಶುರು. ಜೊತೆಗೆ ಇಬ್ಬರು ಇದ್ದರು, ಫೋಟೊ ತೆಗೆದಿದ್ದೀವಿ.

ಇನ್ನೊಂದು ವಿಷಯ. ಫೋಟೊದಲ್ಲಿ ನನ್ನ ಫೋನ್ 6:05 ತೋರಿಸ್ತಿದೆ, ಡಿವಿಆರ್ 6:27. ಎರಡು ದಿನವೂ 22 ನಿಮಿಷ ಮುಂದೆ.

ಕೇಬಲ್‌ಕೈ

ಅಕ್ಕ, ಇದು ತಾನಾಗೇ ಅಳಿಸಿದ್ದಲ್ಲ. 13ನೇ ತಾರೀಖು ಮಧ್ಯಾಹ್ನ ಡಿಸ್ಕ್ ಫಾರ್ಮ್ಯಾಟ್ ಆಗಿದೆ ಅಥವಾ ಬದಲಾಗಿದೆ. ಅವತ್ತು 3ನೇ ತಾರೀಖಿನ ದೃಶ್ಯ ಇನ್ನೂ ಇದ್ದಿರಬೇಕು, ನನ್ನ ಲೆಕ್ಕ ಸರಿ ಇದ್ದರೆ.

ಒಂದು ಮಾತು ನ್ಯಾಯವಾಗಿ ಹೇಳ್ತೀನಿ. ಡಿಸ್ಕ್ ಕೆಟ್ಟಾಗ ನಾವು ರಿಪೇರಿಯವರು ಬದಲಾಯಿಸೋದು, ಫಾರ್ಮ್ಯಾಟ್ ಮಾಡೋದು ಉಂಟು. ಯಾರನ್ನಾದರೂ ಕರೆಸಿದ್ದರಾ, ಬಿಲ್ ಇದೆಯಾ ಕೇಳಿ. ಆದರೆ ಅವರು ನಿಮಗೆ ರಿಪೇರಿ ಅಂತ ಹೇಳಲಿಲ್ಲ, ತಾನಾಗೇ ಅಳಿಸಿತು ಅಂದರು.

ಡಿವಿಆರ್ ಒಳಗೆ ಲಾಗ್ ಇರುತ್ತೆ. ಯಾವಾಗ ಆಫ್ ಆಯ್ತು, ಯಾವಾಗ ಫಾರ್ಮ್ಯಾಟ್ ಮಾಡಿದರು, ಟೈಮ್ ಯಾವಾಗ ಬದಲಾಯಿಸಿದರು, ಯಾವ ಯೂಸರ್ ಹೆಸರಲ್ಲಿ, ಎಲ್ಲ. ಲಾಗೂ ಹಳೇದಾದಂತೆ ಅಳಿಯುತ್ತೆ, ತಡ ಮಾಡಬೇಡಿ.

ಇನ್ನೊಂದು ಆಸೆ ಇಟ್ಟುಕೊಳ್ಳಬಹುದು. ಎಷ್ಟೋ ಡಿವಿಆರ್‌ಗಳಲ್ಲಿ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ. ಪುಟಗಳು ಒಳಗೇ ಇರುತ್ತವೆ, ಹೊಸದು ಬರೆಯೋವರೆಗೆ. 8 ದಿನದಲ್ಲಿ ಸುಮಾರು 1,400 ಜಿಬಿ ಬರೆದಾಗಿದೆ, 600 ಜಿಬಿ ಉಳಿದಿದೆ. ನಿಮ್ಮ 40 ಸೆಕೆಂಡು ಯಾವ ಭಾಗದಲ್ಲಿದೆ ಅಂತ ನನಗೆ ಗೊತ್ತಿಲ್ಲ. ಒಂದೊಂದು ಗಂಟೆಗೂ 7 ಜಿಬಿ ಹೋಗ್ತಾ ಇದೆ. ರೆಕಾರ್ಡಿಂಗ್ ನಿಲ್ಲಿಸಲೇಬೇಕು.

ಹಳೇಬೂಟು

ನಿವೃತ್ತ ಹೆಡ್ ಕಾನ್‌ಸ್ಟೇಬಲ್. ತಂಗಿ, ನೀನೇ ಹೋಗಿ ಡಿಸ್ಕ್ ಬಿಚ್ಚಬೇಡಮ್ಮ. ನಾಳೆ ನಿನ್ನ ಮೇಲೇ ತಿರುಗಿಸ್ತಾರೆ. ತನಿಖಾಧಿಕಾರಿಗೆ ಇವತ್ತೇ ಬರವಣಿಗೆಯಲ್ಲಿ ಕೊಡು, ಫೋಟೊ ಸಮೇತ. ತಂದು ಒಪ್ಪಿಸಿ ಅಂತ ನಾಗರಿಕ ಸುರಕ್ಷಾ ಸಂಹಿತೆಯ 94ರಲ್ಲಿ ಅವರು ನೋಟಿಸ್ ಕೊಡಬಹುದು. ಆದರೆ ಈ ಸ್ಥಿತಿಯಲ್ಲಿ ಬಂದು ವಶಪಡಿಸಿಕೊಳ್ಳೋದೇ ಸರಿ.

ಮಹಜರಿನಲ್ಲಿ ಮೂರು ಸಾಲು ಇದ್ದೇ ಇರಬೇಕು, ಇಲ್ಲ ಅಂದರೆ ಸಹಿ ಹಾಕುವ ಮೊದಲು ಬರೆಸು. ಡಿಸ್ಕಿನ ಮೇಲಿರುವ ಸೀರಿಯಲ್ ನಂಬರ್. ಬಂದ್ ಮಾಡುವಾಗ ಡಿವಿಆರ್ ಗಡಿಯಾರ ಎಷ್ಟಿತ್ತು, ಸರಿಯಾದ ಟೈಮ್ ಎಷ್ಟಿತ್ತು. ಆಮೇಲೆ ಸೀಲ್ ಮಾಡಿದ್ದು ಯಾರ ಮುಂದೆ.

ನಮ್ಮ ಕಾಲದಲ್ಲಿ ಒಂದು ಡಿಸ್ಕ್ ತಂದು, ಹುಡುಗನೊಬ್ಬ ನೋಡೋಣ ಅಂತ ಠಾಣೆ ಕಂಪ್ಯೂಟರಿಗೆ ಹಾಕಿದ. `Initialize Disk` ಅಂತ ಬಂತು. ಓಕೆ ಒತ್ತಿದ. ಡಿವಿಆರ್ ಬರೆದ ಡಿಸ್ಕ್ ಕಂಪ್ಯೂಟರಿಗೆ ಅರ್ಥ ಆಗಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ. ಆ ತಾಯಿಯ ಮುಖ ಇವತ್ತಿಗೂ ಮರೆತಿಲ್ಲ. ಸೀಲ್ ಆದ ಡಿಸ್ಕನ್ನು ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ನಲ್ಲೇ ತೆರೀಬೇಕು.

ಕರಿಕೋಟು

ಹಳೇಬೂಟು ಸರ್ ಹೇಳಿದ್ದು ಅಕ್ಷರಶಃ ಪಾಲಿಸಿ. ಇನ್ನೊಂದು ಸೇರಿಸ್ತೀನಿ. ಕೋರ್ಟಿಗೆ ತರಬೇಕಾಗಬಹುದಾದ ಎಲೆಕ್ಟ್ರಾನಿಕ್ ದಾಖಲೆಯನ್ನು, ಅದು ಸಾಕ್ಷ್ಯ ಆಗಬಾರದು ಅಂತ ನಾಶ ಮಾಡೋದು ನ್ಯಾಯ ಸಂಹಿತೆಯ 241ರಲ್ಲಿ ಅಪರಾಧ, ಮೂರು ವರ್ಷದವರೆಗೆ ಜೈಲು. ಆದರೆ ಆ ಉದ್ದೇಶ ಸಾಬೀತು ಆಗಬೇಕು. ಡಿಸ್ಕ್ ಖಾಲಿ ಆಗಿದೆ ಅಂದ ಮಾತ್ರಕ್ಕೆ ಸಾಲದು, ಯಾರು, ಯಾಕೆ ಅನ್ನೋದು ಬೇಕು. ಪತ್ರ 7ಕ್ಕೆ, ಫಾರ್ಮ್ಯಾಟ್ 13ಕ್ಕೆ, ಸುಳ್ಳು ಉತ್ತರ 19ಕ್ಕೆ. ಈ ಸಾಲು ನಿಮ್ಮ ಪರವಾಗಿದೆ.

ಮಳೆಹನಿ

ಫೋನ್ ವಿಡಿಯೊ ಬಗ್ಗೆ ಒಂದು ಭಯ. ಅದರಲ್ಲಿ ಸ್ಕ್ರೀನ್ ಟೈಮ್ 07:46 ಅಂತಿದೆ. ನಾನು ಆಂಬುಲೆನ್ಸಿಗೆ ಕರೆ ಮಾಡಿದ್ದು 7:26ಕ್ಕೆ, ಕಾಲ್ ಲಿಸ್ಟಲ್ಲಿದೆ. ಕರೆ ಮೊದಲು, ಅಪಘಾತ ಆಮೇಲೆ ಅಂತಾಗಿಬಿಡುತ್ತಲ್ಲ?

ಕೇಬಲ್‌ಕೈ

46ರಲ್ಲಿ 22 ಕಳೀರಿ. 7:24. ಕರೆ 7:26. ಸರಿಯಾಗಿ ಕೂರುತ್ತೆ!

ಎರಡು ದಿನವೂ 22 ನಿಮಿಷವೇ ಇದೆ ಅಂದರೆ ಗಡಿಯಾರ ಬೇಗ ಓಡ್ತಿಲ್ಲ, ಯಾರೋ ಸೆಟ್ ಮಾಡುವಾಗಲೇ ತಪ್ಪಾಗಿದೆ ಅನ್ನಿಸುತ್ತೆ. ಆದರೂ 3ನೇ ತಾರೀಖೂ ಅಷ್ಟೇ ಇತ್ತು ಅಂತ ಖಚಿತವಾಗಿ ಹೇಳೋಕೆ ಲಾಗ್ ಬೇಕು. ಮಧ್ಯೆ ಟೈಮ್ ಬದಲಾಯಿಸಿಲ್ಲ ಅಂತ ಅದರಲ್ಲಿ ಗೊತ್ತಾಗುತ್ತೆ. ಆ ಫೋಟೊ ತೆಗೆಯದೆ ಇದ್ದಿದ್ದರೆ, ಯಾರಾದರೂ ಈಗ ಗಡಿಯಾರ ಸರಿ ಮಾಡಿಬಿಟ್ಟಿದ್ದರೆ, ನಿಮ್ಮ ವಿಡಿಯೊನೇ ಸುಳ್ಳು ಅಂತ ಆಗ್ತಿತ್ತು.

ಕರಿಕೋಟು

ಆ ವಿಡಿಯೊ ನಿಮ್ಮ ಫೋನಿನದಲ್ಲ, ಸೆಕ್ಯುರಿಟಿ ಹುಡುಗನ ಫೋನಿನದು. ಮೆಸೇಜಲ್ಲಿ ಬಂದ ಪ್ರತಿ ಕುಗ್ಗಿರುತ್ತೆ, ಹ್ಯಾಶ್ ಕೂಡ ಬೇರೆ. ಮೂಲ ಫೈಲು ಅವನ ಫೋನಲ್ಲಿ ಇನ್ನೂ ಇದೆಯಾ ನೋಡಿ. ಆ ಫೋನಿಗೆ ಅವನೇ ‘ಎ’ ಭಾಗಕ್ಕೆ ಸಹಿ ಹಾಕಬೇಕು, ಅವನೇ ಸಾಕ್ಷಿಯಾಗಿ ಬಂದು ‘ಈ ಮಾನಿಟರಲ್ಲಿ ಈ ದೃಶ್ಯ ನೋಡಿದೆ, ನಾನೇ ಹಿಡಿದೆ’ ಅನ್ನಬೇಕು. ಪರದೆಯ ವಿಡಿಯೊ ಅಂತ ಎದುರಿನವರು ಜೋರಾಗಿ ತಕರಾರು ತೆಗೀತಾರೆ. ಆದರೆ ಮೂಲ ಕಳೆದಿದ್ದು ಅವರ ಕಡೆಯಿಂದ ಅಂತ ತೋರಿಸಿದರೆ ಆ ತಕರಾರಿನ ಬಲ ಕಮ್ಮಿಯಾಗುತ್ತೆ.

ಫೈಲನ್ನು ಕೇಬಲ್ ಹಾಕಿ ತೆಗೆದುಕೊಂಡ ಕೂಡಲೇ ಹ್ಯಾಶ್ ತೆಗೆದು ಬರೆದಿಡಿ. ವಿಂಡೋಸ್‌ನಲ್ಲಿ ಹೀಗೆ:

```
certutil -hashfile gate_video.mp4 SHA256
```

ಉದ್ದನೆ ಒಂದು ಸಾಲು ಬರುತ್ತೆ. ಫೈಲಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಾಲು ಬೇರೆಯಾಗುತ್ತೆ. ಆದರೆ ನೆನಪಿಡಿ, ಹ್ಯಾಶ್ ತೆಗೆದ ಮೇಲೆ ಬದಲಾಗಿಲ್ಲ ಅಂತ ಮಾತ್ರ ಅದು ತೋರಿಸುತ್ತೆ. ಅದಕ್ಕಿಂತ ಮೊದಲಿನದಕ್ಕೆ ಹುಡುಗನ ಮಾತೇ ಆಧಾರ.

ನೇರನುಡಿ

ಆ ಹುಡುಗನಿಗೆ ಸಂಬಳ ಕೊಡೋದು ಅದೇ ಸಮಿತಿ. ಅವನು ಬರ್ತಾನಾ?

ಮಳೆಹನಿ

ಅದೇ ಚಿಂತೆ ಸರ್. ‘ಅಕ್ಕ, ಫೈಲು ಇದೆ, ಅಳಿಸಿಲ್ಲ’ ಅಂದ. ಸಾಕ್ಷಿ ವಿಷಯ ಎತ್ತಿದಾಗ ಸುಮ್ಮನಾದ. ಅವನನ್ನು ಕಷ್ಟಕ್ಕೆ ಸಿಕ್ಕಿಸೋಕೆ ನನಗೂ ಮನಸ್ಸಿಲ್ಲ.

ಹಳೇಬೂಟು

ಒತ್ತಾಯ ಮಾಡಬೇಡ. ತನಿಖಾಧಿಕಾರಿಯೇ ಅವನ ಹೇಳಿಕೆ ತಗೊಳ್ಳಲಿ. ನೀನು ಕರೆದು ಬಂದ ಅನ್ನೋದಕ್ಕಿಂತ ಪೊಲೀಸರು ಕರೆದರು ಅನ್ನೋದು ಅವನಿಗೂ ಕ್ಷೇಮ.

ಮಳೆಹನಿ

22ನೇ ತಾರೀಖು, ರಾತ್ರಿ. ಪೊಲೀಸರು ಮಧ್ಯಾಹ್ನ ಬಂದು ಡಿವಿಆರ್ ಸಮೇತ ಡಿಸ್ಕ್ ತಗೊಂಡು ಹೋದರು. ಆಫ್ ಮಾಡುವ ಮೊದಲು ಲಾಗ್ ತೆಗೆಸಿ ನೋಡಿದರು. 13ನೇ ತಾರೀಖು ಮಧ್ಯಾಹ್ನ ಫಾರ್ಮ್ಯಾಟ್ ಅಂತ ಇದೆ, ಯೂಸರ್ `admin`. ಆ ಪಾಸ್‌ವರ್ಡ್ ನಾಲ್ಕು ಜನಕ್ಕೆ ಗೊತ್ತು ಅಂತ ಕಾರ್ಯದರ್ಶಿ ಹೇಳಿದರು. ರಿಪೇರಿ ಬಿಲ್ ಯಾರೂ ತೋರಿಸಲಿಲ್ಲ. ಡಿಸ್ಕಿನ ಸೀರಿಯಲ್ ನಂಬರ್ ಹಳೆ ಬಿಲ್ಲಿನ ನಂಬರಿಗೆ ಸರಿಹೊಂದಿತು, ಅಂದರೆ ಡಿಸ್ಕ್ ಅದೇ. ಗಡಿಯಾರದ 22 ನಿಮಿಷ ಮಹಜರಿನಲ್ಲಿ ಬರೆಸಿದೆ. ಮೊದಲು ಬೇಡ ಅಂದರು, ಹಳೇಬೂಟು ಸರ್ ಹೇಳಿದ್ದು ನೆನಪಾಗಿ ಹಟ ಹಿಡಿದೆ.

ಕೇಬಲ್‌ಕೈ

ಡಿಸ್ಕ್ ಅದೇ ಅಂದರೆ ಒಳ್ಳೇ ಸುದ್ದಿ ಅಕ್ಕ. ಉಳಿದ ಭಾಗದಲ್ಲಿ ಸಿಗುವ ಸಾಧ್ಯತೆ ಇದೆ. ಎಫ್‌ಎಸ್‌ಎಲ್‌ಗೆ ಕಳಿಸುವಾಗ ಅಪಘಾತದ ಟೈಮ್ 7:24 ಅಂತ ಮಾತ್ರ ಬರೆಸಬೇಡಿ, ಡಿವಿಆರ್ ಗಡಿಯಾರದ 7:46 ಕೂಡ ಬರೆಸಿ. ಅವರು ಹುಡುಕೋದು ಡಿವಿಆರ್ ಟೈಮಲ್ಲೇ.

ಮಳೆಹನಿ

ನಾಳೆ ಬೆಳಿಗ್ಗೆಯೇ ಠಾಣೆಗೆ ಹೋಗಿ ಬರೆಸ್ತೀನಿ. ಅಪ್ಪನಿಗೆ ಇವತ್ತು ಎರಡನೇ ಆಪರೇಷನ್ ಆಯ್ತು.